ಬರೆಯುವುದು ‘ರಾಮ’, ಓದುವುದು ‘ರಾಮ್’: ಹಿಂದಿಯಲ್ಲಿ ಕೊನೆಯ ಅಕಾರ ಎಲ್ಲಿ ಹೋಯಿತು?

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಸ್ಕೂಲಿನಲ್ಲಿ ಹಿಂದಿ ಕಲಿಯುತ್ತಿದ್ದಾಳೆ. ‘ರಾಮ’ ಅಂತ ಬರೆದದ್ದನ್ನು ಹಾಗೇ ಓದಿದರೆ ಟೀಚರ್ ‘ರಾಮ್ ಅನ್ನು’ ಅಂತಾರೆ. ಸರಿ, ಹಾಗಾದರೆ ಕೆಳಗೆ ಹಲಂತ ಹಾಕಿ ಬರೆದರೆ ಅದೂ ತಪ್ಪಂತೆ. ಕನ್ನಡ, ದೇವನಾಗರಿ ಎರಡೂ ಒಂದೇ ಥರದ ಲಿಪಿ ಅಲ್ವಾ? ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಹಿಂದಿಯಲ್ಲಿ ಯಾಕೆ ಆಗಲ್ಲ? ಇದಕ್ಕೆ ನಿಯಮ ಏನಾದರೂ ಇದೆಯಾ, ಇಲ್ಲಾ ಒಂದೊಂದೇ ಪದ ಬಾಯಿಪಾಠ ಮಾಡಬೇಕಾ?

ಉತ್ತರ: ನಿಯಮ ಇದೆ. ಮುಕ್ಕಾಲು ಪಾಲು ಪದಗಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಮೊದಲೇ ತಿಳಿದುಕೊಳ್ಳಬಹುದು. ಆದರೆ ನಿಯಮಕ್ಕೆ ಹೋಗುವ ಮೊದಲು ‘ಒಂದೇ ಥರದ ಲಿಪಿ’ ಎಂಬ ನಿಮ್ಮ ಮಾತನ್ನು ಸ್ವಲ್ಪ ನೋಡೋಣ. ಗುಟ್ಟು ಇರುವುದು ಅಲ್ಲೇ.

ಕನ್ನಡ, ದೇವನಾಗರಿ, ತಮಿಳು, ಬಂಗಾಳಿ ಎಲ್ಲವೂ ಬ್ರಾಹ್ಮಿಯಿಂದ ಬಂದವು. ಈ ಬಗೆಯ ಲಿಪಿಗೆ ಭಾಷಾಶಾಸ್ತ್ರದಲ್ಲಿ ‘ಅಬುಗಿಡ’ ಅನ್ನುತ್ತಾರೆ. ಇದರಲ್ಲಿ ವ್ಯಂಜನದ ಅಕ್ಷರಕ್ಕೆ ಏನೂ ಸೇರಿಸದೆ ಬರೆದರೆ ಅದರೊಳಗೆ ಒಂದು ಸ್ವರ ಇದೆ ಎಂದೇ ಲೆಕ್ಕ. ನಮ್ಮಲ್ಲಿ ಅದು ಅಕಾರ. ಬೇರೆ ಸ್ವರ ಬೇಕಿದ್ದರೆ ಗುಣಿತದ ಗುರುತು ಹಾಕಬೇಕು. ಸ್ವರವೇ ಬೇಡ ಎಂದರೆ ಅದಕ್ಕೂ ಒಂದು ಗುರುತು ಬೇಕು, ಅದೇ ಹಲಂತ. ಮೊಬೈಲಿನಲ್ಲಿ ಟೈಪ್ ಮಾಡಿದಾಗಲೂ ಹೀಗೇ. ‘ಕ’ ಅಂದರೆ U+0C95 ಎಂಬ ಒಂದೇ ಸಂಕೇತ. ‘ಕ್’ ಎಂದರೆ ಅದರ ಮುಂದೆ U+0CCD ಕೂಡ ಬರಬೇಕು. ಬಾಯಲ್ಲಿ ‘ಕ್’ ಚಿಕ್ಕದು, ‘ಕ’ ದೊಡ್ಡದು. ಬರಹದಲ್ಲಿ ಲೆಕ್ಕ ತಿರುಗಾಮುರುಗಾ.

ಹೀಗೆ ಯಾಕೆ ಮಾಡಿದರು? ಬ್ರಾಹ್ಮಿಯ ಮೊದಲ ದೊಡ್ಡ ಬಳಕೆ ಕಾಣುವುದು ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳಲ್ಲಿ. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲೂ ಅವು ಇವೆ. ಅವುಗಳ ಭಾಷೆ ಪ್ರಾಕೃತ. ಪ್ರಾಕೃತದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೆಂದರೆ ಅನುಸ್ವಾರದಲ್ಲಿ. ‘ಕ್’, ‘ತ್’ ಎಂದು ಮುಗಿಯುವ ಪದವೇ ಇಲ್ಲ. ಅದರ ಜೊತೆಗೆ ಅಕಾರದ ಬಳಕೆ ವಿಪರೀತ ಜಾಸ್ತಿ. ಸಂಸ್ಕೃತದಲ್ಲಿ ಎಣಿಸಿ ನೋಡಿದವರ ಪ್ರಕಾರ ಐದು ಧ್ವನಿಗೆ ಸುಮಾರು ಒಂದು ಗಿಡ್ಡ ಅಕಾರವೇ. ಹೀಗಿರುವಾಗ ಅಕಾರಕ್ಕೆ ಗುರುತೇ ಬೇಡ, ಬರೀ ಅಕ್ಷರ ಕಂಡರೆ ಅಕಾರ ಇದೆ ಎಂದುಕೊಳ್ಳಿ ಎಂಬ ಏರ್ಪಾಡು ಬಹಳ ಜಾಣತನದ್ದು. ಹಲಂತದ ಗುರುತು ಅಶೋಕನ ಬ್ರಾಹ್ಮಿಯಲ್ಲಿ ಇರಲೇ ಇಲ್ಲ. ಬೇಕಾಗಿರಲಿಲ್ಲ.

ಇದೇ ಲಿಪಿ ತಮಿಳಿನ ಕೈಗೆ ಹೋದಾಗ ತೊಂದರೆ ಶುರುವಾಯಿತು. ತಮಿಳಿನಲ್ಲಿ ‘ಕಣ್’, ‘ಮರಮ್’ ಥರ ವ್ಯಂಜನದಲ್ಲಿ ಮುಗಿಯುವ ಪದಗಳು ರಾಶಿ ರಾಶಿ. ಬರೀ ಅಕ್ಷರಕ್ಕೆ ಅಕಾರ ಎಂದರೆ ಕಣ್ಣು ‘ಕಣ’ ಆಗಿಬಿಡುತ್ತದೆ. ಹಳೆಯ ತಮಿಳು ಗುಹಾಶಾಸನಗಳನ್ನು ಓದಿದ ಐರಾವತಂ ಮಹಾದೇವನ್ ಅವರು ತೋರಿಸಿದ ಹಾಗೆ, ಅಲ್ಲಿನವರು ಇದಕ್ಕೆ ಒಂದಲ್ಲ, ಹಲವು ದಾರಿ ಹುಡುಕಿದರು. ಕೆಲವರು ಬರೀ ಅಕ್ಷರ ಎಂದರೆ ಬರೀ ವ್ಯಂಜನ ಎಂದು ಇಟ್ಟುಕೊಂಡು, ಅಕಾರಕ್ಕೇ ಗುರುತು ಹಾಕಿದರು. ಆಂಧ್ರದ ಭಟ್ಟಿಪ್ರೋಲು ಸ್ತೂಪದ ಕರಂಡಗಳ ಮೇಲಿನ ಬರಹದಲ್ಲೂ ಅಕಾರಕ್ಕೆ ಪ್ರತ್ಯೇಕ ಗುರುತು ಇದೆ. ಕೊನೆಗೆ ಉಳಿದದ್ದು ‘ಪುಳ್ಳಿ’, ಅಂದರೆ ಅಕ್ಷರದ ಮೇಲೆ ಇಡುವ ಚುಕ್ಕೆ. ಚುಕ್ಕೆ ಇದ್ದರೆ ಸ್ವರ ಇಲ್ಲ. ಇವತ್ತಿಗೂ ತಮಿಳು ಅದನ್ನು ತಪ್ಪದೆ ಹಾಕುತ್ತದೆ. ಭಾಷೆಗೆ ಒಗ್ಗದ ಲಿಪಿಯನ್ನು ಆ ಜನ ತಿದ್ದಿ ಒಗ್ಗಿಸಿಕೊಂಡರು.

ಹಿಂದಿಯಲ್ಲಿ ಆದದ್ದು ಬೇರೆ. ಅಲ್ಲಿ ಲಿಪಿ ಮೊದಲಿಂದಲೂ ಒಗ್ಗಿತ್ತು. ಆಮೇಲೆ ಭಾಷೆ ಬದಲಾಯಿತು.

ಪ್ರಾಕೃತ, ಅಪಭ್ರಂಶಗಳನ್ನು ದಾಟಿ ಈಗಿನ ಹಿಂದಿ ರೂಪುಗೊಳ್ಳುವಾಗ ಪದದ ಕೊನೆಯ ಗಿಡ್ಡ ಸ್ವರಗಳು ಉದುರಿಹೋದವು. ‘ಘರ’ ಎಂಬುದು ಬಾಯಲ್ಲಿ ‘ಘರ್’ ಆಯಿತು. ಬರಹದಲ್ಲಿ ಏನು ಬದಲಾಯಿತು? ಏನೂ ಇಲ್ಲ. ಅಕಾರಕ್ಕೆ ಗುರುತೇ ಇರಲಿಲ್ಲವಲ್ಲ, ಅಳಿಸುವುದಕ್ಕೆ ಅಲ್ಲಿ ಏನಿತ್ತು? ಈಗ ‘ಬೆಂಕಿ’ಯ ಪದ ನೋಡಿ. ಸಂಸ್ಕೃತದ ‘ಅಗ್ನಿ’ ಪ್ರಾಕೃತದಲ್ಲಿ ‘ಅಗ್ಗಿ’ ಆಯಿತು, ಅವಧಿಯಂಥ ಭಾಷೆಗಳಲ್ಲಿ ‘ಆಗಿ’ ಆಯಿತು, ಹಿಂದಿಯಲ್ಲಿ ‘ಆಗ್’ ಆಯಿತು. ಇಲ್ಲಿ ಉದುರಿದ್ದು ಇಕಾರ. ಅದಕ್ಕೆ ಗುರುತು ಇದ್ದದ್ದರಿಂದ ಬರಹದಿಂದಲೂ ತೆಗೆಯಬೇಕಾಯಿತು. ತೆಗೆದ ಮೇಲೆ ಉಳಿದ ಬರಹ ‘ಆಗ’. ಈ ಪದದ ಕೊನೆಯಲ್ಲಿ ಅಕಾರ ಯಾವ ಕಾಲದಲ್ಲೂ ಇರಲಿಲ್ಲ. ಆದರೂ ಬರೀ ‘ಗ’ ಬರೆದು ಬಿಟ್ಟರು, ಹಲಂತ ಹಾಕಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಪದದ ಕೊನೆಯ ಬರೀ ಅಕ್ಷರ ಎಂದರೆ ‘ಗ್’ ಎಂದೇ ಜನ ಓದುತ್ತಿದ್ದರು.

ನನಗೆ ಇಡೀ ವಿಷಯದ ಕೀಲಿ ಕಾಣುವುದು ಈ ‘ಆಗ’ ಪದದಲ್ಲೇ. ಹಿಂದಿ ತನ್ನ ಕಾಗುಣಿತ ಮುರಿಯಲಿಲ್ಲ. ಬರೀ ಅಕ್ಷರಕ್ಕಿದ್ದ ಅರ್ಥವನ್ನು ಮಾತ್ರ ಬದಲಿಸಿತು. ಕನ್ನಡದಲ್ಲಿ ಬರೀ ‘ಮ’ ಎಂದರೆ ಮ. ಹಿಂದಿಯಲ್ಲಿ ಬರೀ ‘ಮ’ ಎಂದರೆ ‘ಮ’ ಅಥವಾ ‘ಮ್’, ಯಾವುದೆಂದು ಜಾಗ ನೋಡಿ ತಿಳಿಯಬೇಕು. ನಿಮ್ಮ ಮಗಳ ಟೀಚರ್ ಹೇಳುವುದು ಸರಿಯೇ. ‘ರಾಮ’ಕ್ಕೆ ಹಲಂತ ಹಾಕುವುದು ಅಲ್ಲಿ ಹೆಚ್ಚುವರಿ.

ಜಾಗ ನೋಡುವುದು ಹೇಗೆ? ಇಲ್ಲಿ ನಿಯಮ ಬರುತ್ತದೆ. ಹಿಂದಿಯ ಧ್ವನಿಗಳ ಬಗ್ಗೆ ಕೆಲಸ ಮಾಡಿದ ಮಂಜರಿ ಓಹಾಲಾ ಮೊದಲಾದವರು ಇದನ್ನು ಬಿಡಿಸಿಟ್ಟಿದ್ದಾರೆ. ಸರಳವಾಗಿ ಹೇಳುವುದಾದರೆ ಹೀಗೆ. ಪದದ ಕೊನೆಯಲ್ಲಿ ಗುರುತಿಲ್ಲದ ಅಕ್ಷರ ಇದ್ದರೆ ಅದರ ಅಕಾರ ಬಿಡಿ. ಆಮೇಲೆ ಬಲದಿಂದ ಎಡಕ್ಕೆ ಬನ್ನಿ. ನಡುವೆ ಒಂದು ಅಕಾರ ಸಿಕ್ಕಾಗ ಅದರ ಎರಡೂ ಕಡೆ ಒಂದೊಂದೇ ವ್ಯಂಜನ ಇದ್ದು, ಆ ವ್ಯಂಜನಗಳ ಆಚೆ ಸ್ವರ ಇದ್ದರೆ ಆ ಅಕಾರವನ್ನೂ ಬಿಡಿ. ಇಲ್ಲದಿದ್ದರೆ ಉಳಿಸಿ.

‘ತಿಳಿ’ ಎಂಬ ಅರ್ಥದ ‘ಸಮಝ’ ಪದದಲ್ಲಿ ಇದನ್ನು ಮಾಡಿ ನೋಡೋಣ. ಬರಹ ಸ-ಮ-ಝ. ಕೊನೆಯ ಅಕಾರ ಹೋಯಿತು, ‘ಝ್’ ಉಳಿಯಿತು. ಈಗ ‘ಮ’ದ ಅಕಾರಕ್ಕೆ ಬನ್ನಿ. ಅದರ ಬಲಕ್ಕೆ ‘ಝ್’ ಇದೆ, ಆದರೆ ಅದರಾಚೆ ಸ್ವರ ಇಲ್ಲ, ಪದವೇ ಮುಗಿಯಿತು. ಹಾಗಾಗಿ ಅಕಾರ ಉಳಿಯುತ್ತದೆ. ಓದು: ‘ಸಮಝ್’.

ಇನ್ನು ‘ಸಮಝಾ’. ಕೊನೆಯಲ್ಲಿ ದೀರ್ಘ ಇದೆ, ಅದನ್ನು ಮುಟ್ಟುವ ಹಾಗಿಲ್ಲ. ‘ಮ’ದ ಅಕಾರದ ಎಡಕ್ಕೆ ‘ಮ್’, ಅದರಾಚೆ ‘ಸ’ದ ಅಕಾರ. ಬಲಕ್ಕೆ ‘ಝ್’, ಅದರಾಚೆ ‘ಆ’. ಎರಡೂ ಕಡೆ ಸರಿಯಾಗಿ ಕೂತಿದೆ. ಅಕಾರ ಹೋಯಿತು. ಓದು: ‘ಸಮ್ಝಾ’.

ಮೂರನೆಯದು ‘ಸಮಝನಾ’. ಬಲದಿಂದ ಬಂದರೆ ಮೊದಲು ಸಿಗುವುದು ‘ಝ’ದ ಅಕಾರ. ಎಡಕ್ಕೆ ‘ಝ್’ ಮತ್ತು ಸ್ವರ, ಬಲಕ್ಕೆ ‘ನ್’ ಮತ್ತು ಸ್ವರ. ಅದು ಹೋಯಿತು. ಮುಂದೆ ‘ಮ’ದ ಅಕಾರ. ಈಗ ಅದರ ಬಲಕ್ಕೆ ‘ಝ್‌ನ್’ ಎಂದು ಎರಡು ವ್ಯಂಜನ ಸೇರಿಕೊಂಡಿವೆ. ಆದ್ದರಿಂದ ಉಳಿಯಿತು. ಓದು: ‘ಸಮಝ್‌ನಾ’.

ಒಂದೇ ‘ಸಮಝ’ ಮೂರು ಥರ ಬಾಯಿಗೆ ಬಂತು. ಬರಹದಲ್ಲಿ ಮಾತ್ರ ಮೂರರಲ್ಲೂ ಅದೇ ಮೂರು ಅಕ್ಷರ, ಅದೇ ಮುಖ. ಹಿಂದಿ ಓದುವವರಿಗೆ ಇದರಿಂದ ಒಂದು ಅನುಕೂಲವೂ ಇದೆ. ಮೂರೂ ಒಂದೇ ಮನೆಯ ಪದಗಳು ಎಂದು ಕಣ್ಣಿಗೆ ಥಟ್ಟನೆ ಕಾಣುತ್ತದೆ. ಕೇಳಿದ ಹಾಗೆಯೇ ಬರೆದಿದ್ದರೆ ಒಂದರಲ್ಲಿ ಅರ್ಧ ‘ಮ’, ಇನ್ನೊಂದರಲ್ಲಿ ಅರ್ಧ ‘ಝ’ ಬಂದು ಪದದ ಮುಖವೇ ಬದಲಾಗುತ್ತಿತ್ತು. ಹಲಂತ ಹಾಕದಿರುವುದು ಸೋಮಾರಿತನ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಹಾಗನಿಸುವುದಿಲ್ಲ.

ಕೊನೆಯ ಅಕಾರ ಪೂರ್ತಿ ಹೋಗದ ಜಾಗಗಳೂ ಇವೆ. ‘ನ’ ಥರ ಒಂದೇ ಅಕ್ಷರದ ಪದದಲ್ಲಿ ಅಕಾರ ಉಳಿಯಲೇಬೇಕು. ‘ಮಿತ್ರ’, ‘ರಾಜ್ಯ’ ಥರ ಒತ್ತಕ್ಷರದಲ್ಲಿ ಮುಗಿಯುವ ಪದಗಳಲ್ಲಿ ಮತ್ತು ‘ಪ್ರಿಯ’, ‘ರಾಷ್ಟ್ರೀಯ’ದಂಥವುಗಳಲ್ಲಿ ತೆಳುವಾಗಿ ಅಕಾರ ಕೇಳುತ್ತದೆ. ಇವು ಕಿವಿಗೆ ಬೇಗ ಅಭ್ಯಾಸ ಆಗುತ್ತವೆ.

ನಿಯಮ ನಿಜವಾಗಿ ಎಡವುವುದು ಎರಡು ಪದ ಸೇರಿದ ಕಡೆ. ‘ಲೋಕಸಭಾ’ ತೆಗೆದುಕೊಳ್ಳಿ. ಬಲದಿಂದ ಬಂದರೆ ಮೊದಲು ‘ಸ’ದ ಅಕಾರ ಸಿಗುತ್ತದೆ. ಎಡಕ್ಕೆ ‘ಸ್’ ಮತ್ತು ‘ಕ’ದ ಅಕಾರ, ಬಲಕ್ಕೆ ‘ಭ್’ ಮತ್ತು ‘ಆ’. ನಿಯಮದ ಪ್ರಕಾರ ಅದು ಹೋಗಬೇಕು. ಆಗ ಓದು ‘ಲೋಕಸ್ಭಾ’ ಆಗುತ್ತದೆ. ಹಿಂದಿಯವರು ಯಾರೂ ಹಾಗೆ ಅನ್ನುವುದಿಲ್ಲ, ‘ಲೋಕ್‌ಸಭಾ’ ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಮೊದಲು ‘ಲೋಕ’ ಮತ್ತು ‘ಸಭಾ’ ಬೇರೆ ಬೇರೆಯಾಗಿ, ನಿಯಮ ಒಂದೊಂದಕ್ಕೂ ಪ್ರತ್ಯೇಕವಾಗಿ ನಡೆದಿರುತ್ತದೆ.

ಪ್ರತ್ಯಯ ಸೇರಿದಾಗಲೂ ಇದೇ ಕಥೆ. ಎದೆ ಬಡಿಯುವುದಕ್ಕೆ ‘ಧಡಕನಾ’ ಅನ್ನುತ್ತಾರೆ, ಅದರ ಒಂದು ರೂಪ ‘ಧಡಕನೇ’. ಎದೆಬಡಿತಕ್ಕೆ ‘ಧಡಕನ’, ಅದರ ಬಹುವಚನ ‘ಧಡಕನೇಂ’. ಕೊನೆಯ ಚುಕ್ಕೆ ಬಿಟ್ಟರೆ ಎರಡರ ಅಕ್ಷರವೂ ಒಂದೇ. ಆದರೆ ಮೊದಲನೆಯದನ್ನು ‘ಧಡಕ್‌ನೇ’ ಎನ್ನುತ್ತಾರೆ, ಎರಡನೆಯದನ್ನು ‘ಧಡ್ಕನೇಂ’. ಮೊದಲನೆಯದು ‘ಧಡಕ್’ಗೆ ‘ನೇ’ ಸೇರಿ ಆದದ್ದು. ಎರಡನೆಯದರಲ್ಲಿ ‘ಧಡ್ಕನ್’ ಎಂಬ ಪದ ಆಗಲೇ ಸಿದ್ಧವಾಗಿತ್ತು, ಅದರ ಮೇಲೆ ‘ಏಂ’ ಬಂತು. ಪದದ ಒಳಗೆ ಎಲ್ಲಿ ಕೀಲು ಇದೆ ಎಂದು ಗೊತ್ತಿಲ್ಲದವರಿಗೆ ಇದು ಸಿಗುವುದಿಲ್ಲ. ಬರಹವನ್ನು ದನಿ ಮಾಡಿ ಓದುವ ಕಂಪ್ಯೂಟರ್ ವ್ಯವಸ್ಥೆಗಳು ಹಿಂದಿಯಲ್ಲಿ ಎಡವುವುದೂ ಇಂಥ ಕಡೆಗಳಲ್ಲೇ. ಅವು ಸಮಾಸಪದಗಳನ್ನು ಹೇಗೆ ಓದುತ್ತವೆ ಎಂದು ಕಿವಿಗೊಟ್ಟು ಕೇಳಿ, ಗೊತ್ತಾಗುತ್ತದೆ.

ಈಗ ಕನ್ನಡಕ್ಕೆ ಬರೋಣ. ನಮ್ಮಲ್ಲಿ ಈ ತಾಪತ್ರಯ ಯಾಕಿಲ್ಲ?

ಪದದ ಕೊನೆಯ ಮಟ್ಟಿಗೆ ಹೇಳುವುದಾದರೆ, ಕನ್ನಡ ಹಿಂದಿಗಿಂತ ಉಲ್ಟಾ ದಿಕ್ಕಿಗೆ ನಡೆಯಿತು. ಹಳಗನ್ನಡದಲ್ಲಿ ವ್ಯಂಜನದಲ್ಲಿ ಮುಗಿಯುವ ಪದಗಳು ಬೇಕಾದಷ್ಟಿದ್ದವು: ‘ಕಣ್’, ‘ಕಾಲ್’, ‘ಪಾಲ್’. ಆಮೇಲೆ ಅವುಗಳ ಕೊನೆಗೆ ಉಕಾರ ಬಂದು ಸೇರಿತು: ಕಣ್ಣು, ಕಾಲು, ಹಾಲು. ‘ಮರಂ’, ‘ನೆಲಂ’ ಎಂಬಲ್ಲಿ ಕೊನೆಯ ಸೊನ್ನೆ ಬಿದ್ದುಹೋಗಿ ‘ಮರ’, ‘ನೆಲ’ ಉಳಿದವು. ‘ಅರಸನ್’ ಎಂಬುದು ‘ಅರಸ’ ಆಯಿತು. ಅಂದರೆ ಹಿಂದಿ ಕೊನೆಯ ಅಕಾರಗಳನ್ನು ಕಳೆದುಕೊಂಡಿತು, ಕನ್ನಡ ಹೊಸ ಹೊಸ ಅಕಾರಾಂತ ಪದಗಳನ್ನು ಗಳಿಸಿತು. ಪ್ರಾಕೃತಕ್ಕೆಂದು ಹೊಲಿದ ಅಂಗಿ ಪ್ರಾಕೃತದ ನೆಂಟ ಹಿಂದಿಗೆ ಬಿಗಿಯಾಗಿ, ನೆಂಟಸ್ತನವೇ ಇಲ್ಲದ ಕನ್ನಡಕ್ಕೆ ಸರಿಯಾಗಿ ಕೂತಿತು.

ನಮ್ಮ ಕೊನೆಯ ಅಕಾರಕ್ಕೆ ಕೆಲಸವೂ ಜಾಸ್ತಿ. ‘ಬಂದ’, ‘ಬಂದು’, ‘ಬಂದೆ’ ಇವು ಮೂರನ್ನೂ ಬೇರೆ ಮಾಡುವುದು ಕೊನೆಯ ಸ್ವರ ಒಂದೇ. ಅದನ್ನು ನುಂಗಿಬಿಟ್ಟರೆ ಯಾರು ಬಂದರು, ಬಂದು ಏನಾಯಿತು ಎಂಬುದೇ ತಿಳಿಯುವುದಿಲ್ಲ. ಅಂದ ಹಾಗೆ, ಇದು ಬರೀ ಭಾಷಾ ಕುಟುಂಬದ ವಿಷಯ ಅಂದುಕೊಳ್ಳಬೇಡಿ. ಒಡಿಯಾ ಕೂಡ ಹಿಂದಿಯ ಹಾಗೆ ಆರ್ಯ ಭಾಷೆಯೇ, ಆದರೆ ಅದು ಕೊನೆಯ ಸ್ವರವನ್ನು ಇವತ್ತಿಗೂ ಉಳಿಸಿಕೊಂಡಿದೆ.

ಪದದ ನಡುವಿನ ವಿಷಯ ಇನ್ನೂ ಸ್ವಾರಸ್ಯ. ಅಲ್ಲಿ ನಮ್ಮ ಬಾಯಿಯೂ ಹಿಂದಿಯವರ ಬಾಯಿಯ ಹಾಗೇ ಓಡುತ್ತದೆ. ‘ಕೆಲಸ’ವನ್ನು ಮಾತಿನಲ್ಲಿ ‘ಕೆಲ್ಸ’ ಅನ್ನುತ್ತೇವೆ. ‘ನಮಗೆ’ ಎಂಬುದು ‘ನಮ್ಗೆ’, ‘ಅವರು’ ಎಂಬುದು ‘ಅವ್ರು’. ಉದುರಿದ ಅಕಾರದ ಎರಡೂ ಕಡೆ ಒಂದೊಂದು ವ್ಯಂಜನ, ಅದರಾಚೆ ಸ್ವರ. ‘ಸಮ್ಝಾ’ದಲ್ಲಿ ಕಂಡ ಜಾಗವೇ ಇದು. ಇನ್ನೂ ಒಂದು ನೋಡಿ. ‘ಹುಡುಗ’ ಮಾತಿನಲ್ಲಿ ‘ಹುಡ್ಗ’ ಆಗುತ್ತಾನೆ. ಆದರೆ ‘ಹುಡುಗರು’ ಬಂದಾಗ ‘ಹುಡುಗ್ರು’ ಅನ್ನುತ್ತೇವೆ. ‘ಡು’ವಿನ ಉಕಾರ ಮತ್ತೆ ಬಂತು, ‘ಗ’ದ ಅಕಾರ ಹೋಯಿತು. ‘ಸಮ್ಝಾ’ ಮತ್ತು ‘ಸಮಝ್‌ನಾ’ ನಡುವೆ ಆದ ಅದಲು ಬದಲೇ ಇಲ್ಲೂ ಆಗಿದೆ.

ಹಾಗಾದರೆ ವ್ಯತ್ಯಾಸ ಏನು? ಎರಡು. ಹಿಂದಿಯಲ್ಲಿ ಇದು ಕಡ್ಡಾಯ. ವಾರ್ತೆ ಓದುವವರೂ ‘ಸಮ್ಝಾ’ ಎಂದೇ ಓದಬೇಕು. ಕನ್ನಡದಲ್ಲಿ ಇದು ಆಡುಮಾತಿನ ಓಟ, ಎದುರಿಗೆ ಪುಸ್ತಕ ಇದ್ದರೆ ‘ಕೆಲಸ’ ಎಂದು ಬಿಡಿಸಿ ಓದುತ್ತೇವೆ. ಎರಡನೆಯದು, ಕಥೆ ಕಾದಂಬರಿಗಳ ಸಂಭಾಷಣೆಯಲ್ಲಿ ಆ ಓಟವನ್ನೇ ಬರೆಯಬೇಕಾದರೆ ನಾವು ಒತ್ತಕ್ಷರ ಹಾಕಿ ‘ಕೆಲ್ಸ’ ಎಂದೇ ಬರೆಯುತ್ತೇವೆ. ಸ್ವರ ಹೋದರೆ ಬರಹದಲ್ಲಿ ಕಾಣಲೇಬೇಕು ಎಂಬುದು ಕನ್ನಡದ ರೂಢಿ. ಅದಕ್ಕೇ ನಮ್ಮ ಪತ್ರಿಕೆಗಳು ‘ಅಮಿತಾಭ್ ಬಚ್ಚನ್’ ಎಂದು ಎರಡು ಕಡೆ ಸ್ವರ ತೆಗೆದು ಬರೆಯುತ್ತವೆ. ಹಿಂದಿಯಲ್ಲಿ ಅದೇ ಹೆಸರಿಗೆ ಒಂದು ಹಲಂತವೂ ಇಲ್ಲ.

ನಮ್ಮ ಕಣ್ಣು ಈ ವಿಷಯದಲ್ಲಿ ಇಷ್ಟು ಬಿಗಿಯಾಗಿರಲು ತಲಕಟ್ಟೂ ಒಂದು ಕಾರಣ ಇರಬಹುದು ಎಂದು ನನ್ನ ಊಹೆ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಮಗ್ಗಿಯ ಹಾಗೆ ಹೇಳಿ ಕಲಿತವರು ನಾವು. ಆ ಪಾಠದಲ್ಲಿ ಅಕಾರಕ್ಕೂ ಒಂದು ಗುರುತು, ಒಂದು ಹೆಸರು ಇದೆ. ‘ಕಿ’, ‘ಕೆ’, ‘ಕ್’ ಬರೆಯುವಾಗ ತಲಕಟ್ಟು ನಿಜವಾಗಿಯೂ ಜಾಗ ಬಿಡುತ್ತದೆ. ಬ, ಲ, ಜ, ಣ ಥರ ಕೆಲವು ಅಕ್ಷರಗಳಿಗೆ ತಲಕಟ್ಟೇ ಇಲ್ಲ, ಆದರೂ ಮಗುವಿಗೆ ‘ಬ ತಲಕಟ್ಟು ಬ’ ಎಂದೇ ಹೇಳಿಕೊಡುತ್ತೇವೆ. ದೇವನಾಗರಿಯ ಮೇಲಿನ ಗೆರೆ ಹಾಗಲ್ಲ. ಯಾವ ಸ್ವರ ಬಂದರೂ ಅದು ಇದ್ದೇ ಇರುತ್ತದೆ.

ಇದರ ಫಲ ನಮ್ಮ ಹೆಸರಿಗೇ ತಟ್ಟಿದೆ. ಹಿಂದಿಯಲ್ಲಿ ‘ಕನ್ನಡ’ ಎಂದು ಸರಿಯಾಗಿಯೇ ಬರೆಯುತ್ತಾರೆ. ಓದುವಾಗ ಕೊನೆಯ ಅಕಾರ ಬಿದ್ದು ‘ಕನ್ನಡ್’ ಆಗುತ್ತದೆ. ಉಳಿಸಬೇಕೆಂದರೆ ದೀರ್ಘ ಮಾಡಿ ‘ಕನ್ನಡಾ’ ಎಂದು ಬರೆಯಬೇಕು, ಅದೂ ನಮ್ಮದಲ್ಲ. ಪದದ ಕೊನೆಯ ಗಿಡ್ಡ ಅಕಾರವನ್ನು ಖಚಿತವಾಗಿ ಓದಿಸುವ ದಾರಿಯೇ ಹಿಂದಿ ಬರಹದಲ್ಲಿ ಉಳಿದಿಲ್ಲ. ದೇವನಾಗರಿ ನೋಡಿ ಹೇಳುವವರು ‘ಕರ್ನಾಟಕ್’ ಎನ್ನುವುದು, ಇಂಗ್ಲಿಷ್ ನೋಡಿ ಹೇಳುವವರು ‘ಕರ್ನಾಟಕಾ’ ಎನ್ನುವುದು ಇದರಿಂದಲೇ. ಬೇಕೆಂದು ಕೆಡಿಸುತ್ತಾರೆ ಅಂದುಕೊಳ್ಳುವುದು ಬೇಡ.

ಮಗಳಿಗೆ ಏನು ಹೇಳಿಕೊಡಬೇಕು? ಪದ ಉದ್ದ ಇದ್ದರೆ ಮೊದಲು ಎರಡು ಪದ ಸೇರಿದೆಯಾ ಎಂದು ನೋಡಲಿ. ಸೇರಿದ್ದರೆ ನಡುವೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಲಿ. ಆಮೇಲೆ ಕೊನೆಯ ಅಕಾರ, ಆಮೇಲೆ ಬಲದಿಂದ ಎಡಕ್ಕೆ. ‘ಸಡಕ’ ಮತ್ತು ‘ಸಡಕೇಂ’ ಕೊಟ್ಟು ನೋಡಿ. ‘ಸಡಕ್’, ‘ಸಡ್ಕೇಂ’ ಎಂದು ಬಂದರೆ ನಿಯಮ ಕೈಗೆ ಹತ್ತಿದೆ. ‘ಬಚಪನ’ ಕೊಟ್ಟರೆ ‘ಬಚ್‌ಪನ್’ ಬರಬೇಕು. ಒಂದಷ್ಟು ದಿನ ಆದ ಮೇಲೆ ಪೆನ್ಸಿಲ್ ಬೇಕಾಗುವುದಿಲ್ಲ.

ಓದುವುದಕ್ಕಿಂತ ಕಷ್ಟ ಉಕ್ತಲೇಖನ. ಕಿವಿಗೆ ‘ಉಸ್ಕಾ’ ಎಂದು ಕೇಳುತ್ತದೆ, ‘ರಾಸ್ತಾ’ ಎಂದೂ ಕೇಳುತ್ತದೆ. ಎರಡರಲ್ಲೂ ‘ಸ್’. ಆದರೆ ಮೊದಲನೆಯದನ್ನು ‘ಉಸಕಾ’ ಎಂದು ಪೂರ್ತಿ ‘ಸ’ ಹಾಕಿ ಬರೆಯಬೇಕು, ಎರಡನೆಯದರಲ್ಲಿ ಅರ್ಧ ‘ಸ’ ಹಾಕಬೇಕು. ಕನ್ನಡದ ಮಕ್ಕಳು ಕೇಳಿದ ಹಾಗೆ ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ಇದಕ್ಕೆ ಉಪಾಯ, ಆ ಪದದ ಬಂಧುಗಳನ್ನು ನೆನಪಿಸಿಕೊಳ್ಳುವುದು. ‘ಸಮ್ಝಾ’ ಕೇಳಿದರೆ ‘ಸಮಝ್’ ನೆನಪಿಸಿಕೊಳ್ಳಲಿ. ಅಲ್ಲಿ ‘ಮ’ ಪೂರ್ತಿ ಕೇಳುತ್ತದೆ, ಆದ್ದರಿಂದ ಇಲ್ಲೂ ಪೂರ್ತಿ ‘ಮ’ ಬರೆಯಬೇಕು. ‘ಲಡ್ಕಾ’ ಕೇಳಿದರೆ, ಹುಡುಗತನಕ್ಕೆ ಹೇಳುವ ‘ಲಡಕ್‌ಪನ್’ ಇದೆ. ಅಲ್ಲಿ ‘ಡ’ದ ಅಕಾರ ಕಿವಿಗೆ ಸಿಗುತ್ತದೆ. ‘ಉಸ್ಕಾ’ದಲ್ಲಿ ‘ಉಸ’ ಮತ್ತು ‘ಕಾ’ ಬಿಡಿಸಿ ಬರುತ್ತವೆ. ಪ್ರತ್ಯಯ ಸೇರುವ ಕಡೆ ಅರ್ಧಾಕ್ಷರ ಹಾಕುವುದಿಲ್ಲ. ‘ರಾಸ್ತಾ’ವನ್ನು ಹಾಗೆ ಬಿಡಿಸಲು ಬರುವುದಿಲ್ಲ. ಅದರ ಯಾವ ರೂಪದಲ್ಲೂ ‘ಸ’ದ ಅಕಾರ ಕೇಳುವುದಿಲ್ಲ. ಅದಕ್ಕೆ ಅರ್ಧಾಕ್ಷರವೇ ಸರಿ.